ರಾತ್ರಿ ಪಾಳಿಯವರ ನೈಟ್ ಕ್ರೀಮ್‌ಗೆ ಹೊತ್ತು ಬೆಳಿಗ್ಗೆ ಎಂಟೂವರೆ

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಎರಡು ವರ್ಷದಿಂದ ನೈಟ್ ಶಿಫ್ಟ್, ರಾತ್ರಿ 9ರಿಂದ ಬೆಳಿಗ್ಗೆ 6. ಹೆಬ್ಬಾಳದ ಮನೆಗೆ ಕ್ಯಾಬಲ್ಲಿ ಬರೋ ಹೊತ್ತಿಗೆ 8 ಆಗುತ್ತೆ. ನಿದ್ದೆ ತುಂಡು ತುಂಡು, ಊಟಕ್ಕೆ ಹೊತ್ತುಗೊತ್ತಿಲ್ಲ. ಗದ್ದದ ಸುತ್ತ ಮೊಡವೆ, ಕೆನ್ನೆ ಮೇಲೆ ಕಂದು ಕಲೆ, ಅದೂ ಬಲಗಡೆ ಜಾಸ್ತಿ, ಕಣ್ಣ ಕೆಳಗೆ ಕಪ್ಪು. ಸ್ಕ್ರೀನ್ ಬೆಳಕಿಂದ ಹೀಗೆ ಅಂತ ಬ್ಲೂ ಲೈಟ್ ಸೀರಮ್ ತಗೊಂಡೆ, ಏನೂ ಆಗ್ಲಿಲ್ಲ. ಮೆಡಿಕಲ್ ಶಾಪ್‌ನವರು ಕೊಟ್ಟ ಒಂದು ಕ್ರೀಮ್ ಏಳು ತಿಂಗಳಿಂದ ಹಚ್ತಿದೀನಿ. ಹಚ್ಚಿದ್ರೆ ಮುಖ ಚೆನ್ನಾಗಿರುತ್ತೆ, ಎರಡು ದಿನ ಬಿಟ್ರೆ ಉರಿ, ಕೆಂಪು. ನೈಟ್ ಕ್ರೀಮ್‌ನ ನನ್ನಂಥೋರು ಯಾವಾಗ ಹಚ್ಚಬೇಕು? ಏನು ತಿನ್ನಬೇಕು?

ಉತ್ತರ: ನೀವು ಕೊನೆಗೆ ಹೇಳಿದ್ದರಿಂದಲೇ ನಾನು ಶುರು ಮಾಡುತ್ತೇನೆ. ನಿಮ್ಮ ಮುಖಕ್ಕೆ ಈಗ ಶಿಫ್ಟ್‌ಗಿಂತ ದೊಡ್ಡ ತೊಂದರೆ ಆ ಟ್ಯೂಬ್.

ಅದನ್ನು ಕೈಗೆ ತಗೊಂಡು ಸಣ್ಣ ಅಕ್ಷರ ಓದಿ. ಮೊಮೆಟಸೋನ್, ಬೀಟಾಮೆಥಸೋನ್, ಕ್ಲೋಬೆಟಸಾಲ್, ಫ್ಲೂಸಿನೋಲೋನ್, ಇವುಗಳಲ್ಲಿ ಯಾವುದಾದರೂ ಒಂದು ಹೆಸರು ಇದ್ದರೆ ಅದು ಸ್ಟೀರಾಯ್ಡ್ ಕ್ರೀಮ್. ಟ್ಯೂಬಿನ ಎಡಗಡೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಔಷಧಿ ಅಂತ ಅರ್ಥ. ನಮ್ಮಲ್ಲಿ ಜಾಸ್ತಿ ಓಡುವುದು ಮೂರರ ಮಿಶ್ರಣ: ಬಣ್ಣ ತಿಳಿ ಮಾಡುವ ಹೈಡ್ರೋಕ್ವಿನೋನ್, ಚರ್ಮದ ಮೇಲ್ಪದರ ಬೇಗ ಕಳಚಿಸುವ ಟ್ರೆಟಿನಾಯಿನ್, ಜೊತೆಗೆ ಒಂದು ಸ್ಟೀರಾಯ್ಡ್. ಈ ಥರದ ಮಿಶ್ರಣ 1975ರಲ್ಲಿ ಅಮೆರಿಕದ ಚರ್ಮವೈದ್ಯರಿಂದ ಬಂದದ್ದು. ಬಂಗಿಗೆ, ಅಂದರೆ ಕೆನ್ನೆ ಮೇಲಿನ ಇಂಥ ಕಂದು ಕಲೆಗೆ, ಒಳ್ಳೆಯ ಔಷಧಿಯೇ. ಆದರೆ ಕೆಲವು ವಾರಕ್ಕೆ ಮಾತ್ರ, ಅದೂ ಡಾಕ್ಟರ್ ನೋಡುತ್ತಿರುವಾಗ. ಏಳು ತಿಂಗಳು ದಿನಾ ಹಚ್ಚಲು ಯಾರೂ ಮಾಡಿದ್ದಲ್ಲ. 2018ರಲ್ಲಿ ಕೇಂದ್ರ ಸರಕಾರ ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಚೀಟಿ ಇಲ್ಲದೆ ಕೊಡಬಾರದ ಪಟ್ಟಿಗೆ ಸೇರಿಸಿತು. ಅಂಗಡಿ ಕೌಂಟರಿನಲ್ಲಿ ಏನಾಗುತ್ತದೆ ಅಂತ ನಿಮಗೇ ಗೊತ್ತಲ್ಲ.

ಇದು ಕೆಲಸ ಮಾಡುವ ರೀತಿ ಮೋಸದ್ದು. ಸ್ಟೀರಾಯ್ಡ್ ಚರ್ಮದ ರಕ್ತನಾಳಗಳನ್ನು ಕಿರಿದು ಮಾಡಿ ಕೆಂಪನ್ನು ಅಡಗಿಸುತ್ತದೆ, ಉರಿಯೂತ ಇಳಿಸುತ್ತದೆ. ಮೊದಲ ವಾರದಲ್ಲೇ ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಒಳಗೆ ಚರ್ಮ ತೆಳುವಾಗುತ್ತಾ ಹೋಗುತ್ತದೆ. ಆಮೇಲೆ ಒಂದೇ ಗಾತ್ರದ ಸಣ್ಣ ಸಣ್ಣ ಮೊಡವೆ ಒಟ್ಟಿಗೇ ಏಳುತ್ತವೆ. ಕೆನ್ನೆಯಲ್ಲಿ ಕೆಂಪು ಎಳೆಗಳು ಕಾಣಿಸುತ್ತವೆ. ಕೆಲವರಿಗೆ ಕೂದಲು ಬರುತ್ತದೆ. ಬಿಸಿಲಿಗೆ ಹೋದರೆ ಮುಖ ಕಾದ ಹೆಂಚಿನ ಥರ. ಬಿಟ್ಟ ತಕ್ಷಣ ಅಡಗಿದ್ದ ನಾಳಗಳೆಲ್ಲ ಹಿಗ್ಗುತ್ತವೆ, ಉರಿ ಬರುತ್ತದೆ, ಮತ್ತೆ ಹಚ್ಚಬೇಕು ಅನಿಸುತ್ತದೆ. ನಿಮಗೆ ಎರಡೇ ದಿನಕ್ಕೆ ಉರಿ ಬರುವುದು ಇದರ ಗುರುತು. ನೋಡದೆ ಖಚಿತ ಹೇಳಲಾಗದು. ಆದರೆ ಟ್ಯೂಬಿನ ಮೇಲೆ ಆ ಹೆಸರುಗಳಲ್ಲಿ ಒಂದಿದ್ದರೆ ನನಗೆ ಬೇರೆ ಅನುಮಾನವಿಲ್ಲ.

ರಾತ್ರಿ ಪಾಳಿಯವರಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಡಾಕ್ಟರ ಕ್ಲಿನಿಕ್ ತೆರೆದಿರುವಾಗ ಅವರು ಮಲಗಿರುತ್ತಾರೆ, ಮೆಡಿಕಲ್ ಶಾಪ್ ಮಾತ್ರ ಅವರು ಎದ್ದಾಗಲೂ ತೆರೆದಿರುತ್ತದೆ. ಅವರನ್ನು ಬೈದು ಏನು ಪ್ರಯೋಜನ? ನಾನೂ ಪಿಜಿ ಓದುವಾಗ ಸಾಲು ರಾತ್ರಿ ಡ್ಯೂಟಿಯ ಮಧ್ಯೆ, ಬಾಯಿ ಸುತ್ತ ಎದ್ದ ಗುಳ್ಳೆಗೆ ವಾರ್ಡಿನಲ್ಲಿ ಬಿದ್ದಿದ್ದ ಸ್ಟೀರಾಯ್ಡ್ ಟ್ಯೂಬನ್ನೇ ಹಚ್ಚಿಕೊಂಡವಳು. ಚರ್ಮದ ವಿಭಾಗದಲ್ಲೇ ಇದ್ದೆ ಅನ್ನುವುದು ಇನ್ನೂ ನಾಚಿಕೆ. ಮೂರು ವಾರಕ್ಕೆ ಆ ಗುಳ್ಳೆ ಮೂಗಿನ ಪಕ್ಕದವರೆಗೂ ಹತ್ತಿತ್ತು.

ಈಗ ಬಿಡುವುದು ಹೇಗೆ? ಏಳು ತಿಂಗಳಾಗಿರುವುದರಿಂದ ಒಮ್ಮೆ ಚರ್ಮವೈದ್ಯರನ್ನು ಕಂಡೇ ಬಿಡಿ. ಕೆಲವರಿಗೆ ಒಂದೇ ಸಲ ನಿಲ್ಲಿಸಬಹುದು. ಉರಿ ಜೋರಿದ್ದವರಿಗೆ ಸೌಮ್ಯ ಸ್ಟೀರಾಯ್ಡ್‌ಗೆ ಇಳಿಸಿ, ದಿನ ಬಿಟ್ಟು ದಿನ ಮಾಡಿ, ನಿಧಾನಕ್ಕೆ ತಪ್ಪಿಸುತ್ತೇವೆ. ಟ್ಯಾಕ್ರೊಲಿಮಸ್ ಅಂತ ಸ್ಟೀರಾಯ್ಡ್ ಅಲ್ಲದ ಮುಲಾಮನ್ನೂ ಕೆಲವೊಮ್ಮೆ ಕೊಡುತ್ತೇವೆ. ಯಾವ ದಾರಿಯಾದರೂ ಮೊದಲ ಎರಡು ವಾರ ಮುಖ ಈಗಿಗಿಂತ ಕೆಟ್ಟದಾಗಿ ಕಾಣಬಹುದು. ಪೂರ್ತಿ ಸರಿಯಾಗಲು ಕೆಲವು ತಿಂಗಳೇ ಹಿಡಿಯಬಹುದು. ಇದನ್ನು ಮೊದಲೇ ತಿಳಿದಿರಬೇಕು. ಹತ್ತನೇ ದಿನ ಕನ್ನಡಿ ನೋಡಿ ಹೆದರಿ ಮತ್ತೆ ಅದೇ ಟ್ಯೂಬ್ ಹಿಡಿಯುವವರೇ ಜಾಸ್ತಿ. ಮನೆಯಲ್ಲಿ ಮದುವೆ ಗಿದುವೆ ಇದ್ದರೆ ಅದು ಮುಗಿದ ಮೇಲೆ ಶುರು ಮಾಡಿ ಅಂತ ಹೇಳಿದ್ದೂ ಉಂಟು.

ಆ ಹೊತ್ತಿನಲ್ಲಿ, ಅಂದರೆ ಮೊದಲ ಆರು ವಾರ, ಮುಖಕ್ಕೆ ಮೂರೇ ವಸ್ತು. ನೊರೆ ಕಡಿಮೆ ಇರುವ, ಸುವಾಸನೆ ಇಲ್ಲದ ಫೇಸ್‌ವಾಶ್. ಗ್ಲಿಸರಿನ್ ಅಥವಾ ಸೆರಮೈಡ್ ಇರುವ ಸಾದಾ ಮಾಯಿಶ್ಚರೈಸರ್. ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್. ವಿಟಮಿನ್ ಸಿ ಬೇಡ, ಸ್ಕ್ರಬ್ ಬೇಡ, ನಿಂಬೆಹಣ್ಣು ಕಡಲೆಹಿಟ್ಟು ಬೇಡ, ಆ ಸೀರಮ್ಮೂ ಬೇಡ. ಮೊಡವೆಗೆ ಔಷಧಿಯೂ ಈಗಲೇ ಬೇಡ. ತೆಳುವಾದ ಚರ್ಮಕ್ಕೆ ಮೊಡವೆ ಕ್ರೀಮ್ ಹಚ್ಚಿದರೆ ಸುಡುತ್ತದೆ. ಆಗ ಉರಿ ಕ್ರೀಮಿನದೋ ಸ್ಟೀರಾಯ್ಡ್ ಬಿಟ್ಟಿದ್ದರದೋ ಅಂತ ನಿಮಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ.

ಇನ್ನು ನೈಟ್ ಕ್ರೀಮ್ ವಿಷಯ. ಡಬ್ಬದ ಮೇಲೆ ‘ನೈಟ್’ ಅಂತ ಬರೆಯುವುದಕ್ಕೆ ಕಾರಣ ಕತ್ತಲು ಮತ್ತು ನಿದ್ದೆ, ಗಡಿಯಾರ ಅಲ್ಲ. ಟ್ರೆಟಿನಾಯಿನ್ ಥರದ ಔಷಧಿ ಬೆಳಕು ಬಿದ್ದರೆ ಒಡೆದು ಶಕ್ತಿ ಕಳೆದುಕೊಳ್ಳುತ್ತದೆ. ಹಚ್ಚಿದ ಚರ್ಮಕ್ಕೆ ಬಿಸಿಲು ತಡೆಯುವುದೂ ಕಷ್ಟ. ಅದಕ್ಕೇ ಹಾಸಿಗೆಗೆ ಹೋಗುವ ಮುಂಚೆ ಹಚ್ಚಿ ಅನ್ನುತ್ತೇವೆ. ನಿಮ್ಮ ಹಾಸಿಗೆ ಬೆಳಿಗ್ಗೆ ಎಂಟೂವರೆಗೆ. ಹಾಗಾಗಿ ನಿಮ್ಮ ‘ರಾತ್ರಿ’ ಎಂಟೂವರೆ, ‘ಬೆಳಿಗ್ಗೆ’ ಮಧ್ಯಾಹ್ನ ಎದ್ದಾಗ. ರಾತ್ರಿ ಹತ್ತು ಗಂಟೆಗೆ ಆಫೀಸ್ ವಾಶ್‌ರೂಮಿನಲ್ಲಿ ನೈಟ್ ಕ್ರೀಮ್ ಹಚ್ಚಿ, ಬೆಳಿಗ್ಗೆ ಅದೇ ಮುಖದಲ್ಲಿ ಬಿಸಿಲಿಗೆ ಬರುವವರನ್ನು ನೋಡಿದ್ದೇನೆ. ಬೇಕಾದ್ದಕ್ಕೆ ಪೂರ್ತಿ ಉಲ್ಟಾ.

ಆರು ವಾರ ಕಳೆದು ಉರಿ ತಣ್ಣಗಾದ ಮೇಲೆ, ನೋಡುವ ಡಾಕ್ಟರ್ ಒಪ್ಪಿದರೆ, ಮೊಡವೆಗೆ ಅಡಾಪಲೀನ್ 0.1 ಶೇಕಡಾ ಜೆಲ್ ಶುರು ಮಾಡಬಹುದು. ನಿಮ್ಮಂಥವರಿಗೆ ನಾನು ಇದನ್ನೇ ಇಷ್ಟಪಡುವುದಕ್ಕೆ ಒಂದು ಕಾರಣ ಇದೆ. ಟ್ರೆಟಿನಾಯಿನ್ ಹಾಗೆ ಇದು ಬೆಳಕಿಗೆ ಸುಲಭವಾಗಿ ಕೆಡುವುದಿಲ್ಲ. ಹಗಲು ಮಲಗುವವರ ಕೋಣೆಗೆ ಎಷ್ಟೇ ಪರದೆ ಹಾಕಿದರೂ ಸ್ವಲ್ಪ ಬೆಳಕು ಬಂದೇ ಬರುತ್ತದಲ್ಲ. ಮೊದಲು ಮಾಯಿಶ್ಚರೈಸರ್, ಹತ್ತು ನಿಮಿಷ ಬಿಟ್ಟು ಇಡೀ ಮುಖಕ್ಕೆ ಸೇರಿ ಒಂದು ಬಟಾಣಿ ಕಾಳಿನಷ್ಟು ಜೆಲ್. ಮೊಡವೆ ಮೇಲೆ ಬೊಟ್ಟು ಇಡುವುದಲ್ಲ, ತೆಳ್ಳಗೆ ಎಲ್ಲ ಕಡೆ. ಕಣ್ಣು, ತುಟಿ, ಮೂಗಿನ ಸಂದು ಬಿಡಿ. ಮೊದಲ ಎರಡು ವಾರ ವಾರಕ್ಕೆ ಎರಡು ಸಲ, ಆಮೇಲೆ ದಿನ ಬಿಟ್ಟು ದಿನ. ಫಲ ಕಾಣಲು 8ರಿಂದ 12 ವಾರ. ಗರ್ಭಿಣಿಯಾಗಿದ್ದರೆ ಅಥವಾ ಆಗುವ ಯೋಚನೆ ಇದ್ದರೆ ಬೇಡ.

ಒಂದು ವಿಷಯ ಗಮನಿಸಿ. ನಿದ್ದೆಗೆಟ್ಟ ವಾರದಲ್ಲಿ ಅದೇ ಜೆಲ್ ಜಾಸ್ತಿ ಉರಿಯುತ್ತದೆ. ಇದು ನಿಮ್ಮ ಭ್ರಮೆಯಲ್ಲ. ಚರ್ಮದ ಹೊರಪದರ ನೀರನ್ನು ಒಳಗೆ ಹಿಡಿದಿಡುವ ಗೋಡೆ ಇದ್ದ ಹಾಗೆ. ಟೇಪ್ ಅಂಟಿಸಿ ಕಿತ್ತು ಆ ಗೋಡೆಯನ್ನು ಬೇಕಂತಲೇ ಸ್ವಲ್ಪ ಕೆಡಿಸಿ, ಮತ್ತೆ ಎಷ್ಟು ಹೊತ್ತಿಗೆ ಕೂಡುತ್ತದೆ ಅಂತ ಅಳೆದವರಿದ್ದಾರೆ. ಒಂದು ರಾತ್ರಿ ನಿದ್ದೆ ಬಿಟ್ಟ ಹೆಂಗಸರಲ್ಲಿ ಅದು ಕೂಡುವುದು ನಿಧಾನವಾಗಿತ್ತು. ಹಾಗಾಗಿ ನಾಲ್ಕು ಗಂಟೆಗಿಂತ ಕಡಿಮೆ ಮಲಗಿದ ದಿನದ ಮಾರನೇ ಸಲ ಜೆಲ್ ಬಿಟ್ಟು ಬರೀ ಮಾಯಿಶ್ಚರೈಸರ್ ಹಚ್ಚಿ. ಅದರಲ್ಲೂ ನಿಮ್ಮ ಸೀಟಿನ ಮೇಲೇ ಎ.ಸಿ. ಇದ್ದರೆ ಒಣಗಾಳಿ ಇದನ್ನು ದುಪ್ಪಟ್ಟು ಮಾಡುತ್ತದೆ. ರಾತ್ರಿ ಒಂದು ಗಂಟೆ ಸುಮಾರಿಗೆ ಇನ್ನೊಂದು ಸಲ ಮಾಯಿಶ್ಚರೈಸರ್ ಹಚ್ಚಿದರೆ ಬೆಳಗಿನ ಬಿಗಿತ ಇರುವುದಿಲ್ಲ. ನಿದ್ದೆ ತಡೆಯಲು ಗಂಟೆಗೊಮ್ಮೆ ಮುಖ ತೊಳೆಯುತ್ತಿದ್ದರೆ ಅದನ್ನು ಬಿಡಿ. ಪ್ರತಿ ಸಲ ಸೋಪು ನೀರು ಆ ಗೋಡೆಯ ಎಣ್ಣೆಯನ್ನೇ ತೊಳೆದು ಹಾಕುತ್ತದೆ. ಕಣ್ಣಿಗೆ ತಣ್ಣೀರು ಚಿಮುಕಿಸಿದರೆ ಸಾಕು.

ಈಗ ಬಲಗೆನ್ನೆ. ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದ ಮಾತು ಅದು, ಯಾಕೆಂದರೆ ಅದರಲ್ಲೇ ಉತ್ತರ ಇದೆ. ಸ್ಕ್ರೀನ್ ನಿಮ್ಮ ಎದುರಿಗಿದೆ, ಎರಡೂ ಕೆನ್ನೆಗೆ ಸಮನಾಗಿ ಬೆಳಕು ಬೀಳುತ್ತದೆ. ಬಂಗು ಮಾತ್ರ ಬಲಕ್ಕೆ ಯಾಕೆ ಜಾಸ್ತಿ? ಎಲೆಕ್ಟ್ರಾನಿಕ್ ಸಿಟಿಯಿಂದ ಹೆಬ್ಬಾಳ ಅಂದರೆ ದಕ್ಷಿಣದಿಂದ ಉತ್ತರಕ್ಕೆ ಪ್ರಯಾಣ. ಬೆಳಗಿನ ಸೂರ್ಯ ಪೂರ್ವಕ್ಕೆ, ಅಂದರೆ ನಿಮ್ಮ ಬಲಕ್ಕೆ. ಡ್ರೈವರ್ ಹಿಂದಿನ ಬಲಗಡೆ ಸೀಟು, ಕಿಟಕಿಗೆ ತಲೆ ಒರಗಿಸಿ ನಿದ್ದೆ. ಹೌದಾ? ನಾನು ಪಂದ್ಯ ಕಟ್ಟಲು ತಯಾರು.

ಕ್ಯಾಬಿನ ಮುಂದಿನ ಗಾಜಿನೊಳಗೆ ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದು ನೇರಳಾತೀತ ಕಿರಣವನ್ನು ಬಹುಪಾಲು ತಡೆಯುತ್ತದೆ. ಪಕ್ಕದ ಕಿಟಕಿ ಒಂದೇ ಪದರದ್ದು. ಚರ್ಮ ಸುಡುವ ಯು.ವಿ.ಬಿ. ಕಿರಣವನ್ನು ಅದು ತಡೆಯುತ್ತದೆ, ಯು.ವಿ.ಎ. ಸಾಕಷ್ಟು ಒಳಗೆ ಬರುತ್ತದೆ. ಸುಡುವುದಿಲ್ಲವಾದ್ದರಿಂದ ಬಿಸಿಲು ತಾಗಿದ್ದೇ ಗೊತ್ತಾಗುವುದಿಲ್ಲ. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫೋಟೊ ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು: 28 ವರ್ಷ ಲಾರಿ ಓಡಿಸಿದ ಒಬ್ಬರ ಮುಖ. ಅಲ್ಲಿ ಡ್ರೈವರ್ ಸೀಟು ಎಡಕ್ಕೆ. ಅವರ ಎಡಗೆನ್ನೆ ಸುಕ್ಕುಗಟ್ಟಿ ಬಲಗೆನ್ನೆಗಿಂತ ಎಷ್ಟೋ ವರ್ಷ ಮುದಿಯಾಗಿ ಕಾಣುತ್ತಿತ್ತು.

ಇದರ ಮೇಲೆ ಕಣ್ಣಿಗೆ ಕಾಣುವ ಬೆಳಕೂ ಸೇರುತ್ತದೆ. ನಮ್ಮಂಥ ಕಂದು ಚರ್ಮದವರಲ್ಲಿ ಸೂರ್ಯನ ಬೆಳಕಿನ ನೀಲಿ ನೇರಳೆ ಭಾಗವೂ ಕಲೆಯನ್ನು ಕಪ್ಪು ಮಾಡುತ್ತದೆ. ಬ್ಲೂ ಲೈಟ್ ಅಂತ ಹೆದರಿಸುವುದಕ್ಕೆ ಮೂಲ ಇದೇ. ಆದರೆ ಪ್ರಮಾಣ ನೋಡಿ. ಬೆಳಕನ್ನು ಲಕ್ಸ್ ಅನ್ನುವ ಅಳತೆಯಲ್ಲಿ ಅಳೆಯುತ್ತಾರೆ. ಬಿಸಿಲಲ್ಲಿ ನಿಂತರೆ ಒಂದು ಲಕ್ಷ ಲಕ್ಸ್ ಹತ್ತಿರ ಬೆಳಕು. ಮಾನಿಟರ್ ಮುಂದೆ ಕೂತ ಮುಖಕ್ಕೆ ಬೀಳುವುದು ಒಂದೆರಡು ನೂರು ಲಕ್ಸ್. ಬಂಗು ಇದ್ದವರನ್ನೇ ಕೂರಿಸಿ ಮುಖದ ಅರ್ಧಕ್ಕೆ ಸ್ಕ್ರೀನ್ ಬೆಳಕು ಬಿಟ್ಟು, ಇನ್ನರ್ಧ ಮುಚ್ಚಿ ಹೋಲಿಸಿದ ಫ್ರಾನ್ಸಿನ ಪುಟ್ಟ ಪರೀಕ್ಷೆಯೊಂದು 2020ರಲ್ಲಿ ಪ್ರಕಟವಾಯಿತು. ಎರಡೂ ಕಡೆ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಸೀರಮ್ಮಿಗೆ ಕೊಟ್ಟ ದುಡ್ಡು ಸುಮ್ನೆ ಹೋಯಿತು ಅನ್ನಿ.

ಸ್ಕ್ರೀನ್ ಕೆಡುಕು ಮಾಡುವುದು ಬೇರೆ ದಾರಿಯಿಂದ. ಮನೆಗೆ ಬಂದು ಮಲಗುವ ಮುಂಚೆ ಮುಖದ ಹತ್ತಿರ ಫೋನ್ ಹಿಡಿದು ಮುಕ್ಕಾಲು ಗಂಟೆ ರೀಲ್ಸ್ ನೋಡಿದರೆ, ಆ ಬೆಳಕು ಕಣ್ಣಿನ ಮೂಲಕ ಮೆದುಳಿಗೆ ‘ಹಗಲಾಯಿತು’ ಅಂತ ಹೇಳುತ್ತದೆ. ನಿದ್ದೆ ತರುವ ಮೆಲಟೋನಿನ್ ತಗ್ಗುತ್ತದೆ. ಚರ್ಮಕ್ಕೆ ಪೆಟ್ಟು ನಿದ್ದೆಯ ಮೂಲಕ ಬೀಳುತ್ತದೆ. ಸೀರಮ್ ಅದಕ್ಕೇನು ಮಾಡೀತು?

ಹಾಗಾದರೆ ಸನ್‌ಸ್ಕ್ರೀನ್ ಯಾವಾಗ? ಶಿಫ್ಟ್ ಮುಗಿಸಿ ಕ್ಯಾಬ್ ಹತ್ತುವ ಮುಂಚೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಮುಖ ತೊಳೆದು ಹಚ್ಚಿ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿದರೆ ಮುಖ ಕತ್ತಿಗೆ ಸರಿಯಾದ ಅಳತೆ. ಇದಕ್ಕಿಂತ ಕಡಿಮೆ ಹಚ್ಚಿದರೆ ಡಬ್ಬದ ಮೇಲಿನ ಎಸ್.ಪಿ.ಎಫ್. 50 ಬರೀ ಲೆಕ್ಕಕ್ಕೆ. ಬಂಗಿಗೆ ಬಣ್ಣ ಬೆರೆಸಿದ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನೇ ಆಗಬೇಕು. ಬಣ್ಣವಿಲ್ಲದವು ಕಣ್ಣಿಗೆ ಕಾಣುವ ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ. ಆರೂವರೆಯ ಬಿಸಿಲು ಏನೂ ದೊಡ್ಡದಲ್ಲ, ಒಪ್ಪುತ್ತೇನೆ. ನಿಮ್ಮದು ಎಂಟರವರೆಗೆ ನಡೆಯುವ ಪ್ರಯಾಣ. ಕೊನೆಯ ಅರ್ಧ ಗಂಟೆಯದೇ ಚಿಂತೆ, ಅದೂ ವಾರಕ್ಕೆ ಐದು ದಿನ, ಎರಡು ವರ್ಷ. ಇದರ ಜೊತೆ ಇನ್ನೊಂದು ಪುಕ್ಕಟೆ ಔಷಧಿ: ಎಡಗಡೆ ಸೀಟು. ಒಂದು ದುಪಟ್ಟಾ ಕಿಟಕಿಗೆ ಸಿಕ್ಕಿಸಿದರೂ ಆದೀತು. ಸಂಜೆ ಏಳೂವರೆಗೆ ಕ್ಯಾಬ್ ಹತ್ತುವಾಗ ಸನ್‌ಸ್ಕ್ರೀನ್ ಬೇಕಿಲ್ಲ, ಟ್ಯೂಬ್‌ಲೈಟಿಗೂ ಬೇಕಿಲ್ಲ. ಮಧ್ಯಾಹ್ನ ಎದ್ದು ಮಹಡಿಗೆ ಬಟ್ಟೆ ತರಲು ಹೋಗುವ, ಅಂಗಡಿಗೆ ಹೋಗುವ ದಿನ ಮಾತ್ರ ಇನ್ನೊಮ್ಮೆ ಬೇಕು. ಬಹಳ ಜನ ಮರೆಯುವುದು ಆ ಮಧ್ಯಾಹ್ನ ಮೂರರ ಬಿಸಿಲನ್ನು.

ಊಟಕ್ಕೆ ಬರೋಣ. ಯಾವ ಹಣ್ಣು ತಿಂದರೆ ಮುಖ ಹೊಳೆಯುತ್ತದೆ ಅಂತ ನಾನು ಹೇಳುವುದಿಲ್ಲ. ಮೊಡವೆಗೆ ಸಂಬಂಧ ಇರುವುದು ಮುಖ್ಯವಾಗಿ ಸಕ್ಕರೆ ಬೇಗ ಏರಿಸುವ ತಿಂಡಿ. ಸಕ್ಕರೆ ಏರಿದರೆ ಇನ್ಸುಲಿನ್ ಏರುತ್ತದೆ, ಅದು ಚರ್ಮದ ಎಣ್ಣೆ ಗ್ರಂಥಿಗಳನ್ನು ಕೆಣಕುತ್ತದೆ. ರಾತ್ರಿ ಹೊತ್ತು ದೇಹ ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ನಿಭಾಯಿಸುವುದಿಲ್ಲ. ಹಾಗಾಗಿ ಮಧ್ಯಾಹ್ನ ನಾಲ್ಕರ ಬಿಸ್ಕತ್ತಿಗಿಂತ ಬೆಳಗಿನ ಜಾವ ನಾಲ್ಕರ ಅದೇ ಬಿಸ್ಕತ್ತು ರಕ್ತದಲ್ಲಿ ಸಕ್ಕರೆಯನ್ನು ಜಾಸ್ತಿ ಏರಿಸುತ್ತದೆ.

ಇಲ್ಲಿ ಆಫೀಸಿನ ಟೀ ಮಷಿನ್ ಕಡೆ ಸ್ವಲ್ಪ ನೋಡಿ. ಏಲಕ್ಕಿ ಟೀ, ಮಸಾಲ ಟೀ ಅಂತ ಗುಂಡಿ ಇರುವ ಬಹಳಷ್ಟು ಮಷಿನ್‌ಗಳಲ್ಲಿ ಹಾಲಿನ ಪುಡಿ, ಸಕ್ಕರೆ ಮೊದಲೇ ಬೆರೆತಿರುತ್ತವೆ. ನೀವು ಸಕ್ಕರೆ ಹಾಕಲಿಲ್ಲ ಅಂದುಕೊಂಡರೂ ಹಾಕಿಯಾಗಿರುತ್ತದೆ. ಒಬ್ಬ ಹುಡುಗನಿಗೆ ಒಂದು ರಾತ್ರಿ ಕುಡಿದದ್ದನ್ನೆಲ್ಲ ಬರೆದು ತರಲು ಹೇಳಿದೆ. ಆರು ಟೀ, ಎರಡು ಪಾಕೆಟ್ ಕ್ರೀಮ್ ಬಿಸ್ಕತ್ತು, ಒಂದು ಎಗ್ ಪಫ್. ಟೀಗೆ ಎರಡು ಚಮಚ ಅಂತ ಹಿಡಿದರೂ ಟೀಯಲ್ಲೇ ಹನ್ನೆರಡು ಚಮಚ ಸಕ್ಕರೆ, ಐವತ್ತು ಗ್ರಾಂ ಹತ್ತಿರ. ಅವನು ನಕ್ಕುಬಿಟ್ಟ, ‘ನಾನು ಸ್ವೀಟೇ ತಿನ್ನಲ್ಲ ಮೇಡಂ’ ಅಂದಿದ್ದ. ಜಿಮ್‌ಗೆ ಅಂತ ವೇ ಪ್ರೋಟೀನ್ ಪುಡಿ ಬೇರೆ. ಅದೂ ಕೆಲವರಲ್ಲಿ ಮೊಡವೆ ಏಳಿಸುತ್ತದೆ.

ನಿಮ್ಮ ಲೆಕ್ಕಕ್ಕೆ ಹೀಗೆ ಮಾಡಿ ನೋಡಿ. ದೊಡ್ಡ ಊಟ ಸಂಜೆ ಏಳಕ್ಕೆ, ಮನೆ ಬಿಡುವ ಮುಂಚೆಯೇ: ಚಪಾತಿಯೋ ಮುದ್ದೆಯೋ ಅನ್ನವೋ, ಜೊತೆಗೆ ಬಸ್ಸಾರು ಪಲ್ಯ ಇರಲಿ, ಕಾಳು ಜಾಸ್ತಿ ಇರಲಿ. ಹೊಟ್ಟೆ ತುಂಬಿ ಹೋದರೆ ರಾತ್ರಿ ಒಂದಕ್ಕೆ ಫ್ರೈಡ್ ರೈಸ್ ಬೇಕು ಅನಿಸುವುದು ಅರ್ಧಕ್ಕೆ ಇಳಿಯುತ್ತದೆ. ಒಂದು ಗಂಟೆಗೆ ಡಬ್ಬಿಯಲ್ಲಿ ಹೆಸರುಕಾಳು ಉಸ್ಲಿ ಅಥವಾ ಎರಡು ಬೇಯಿಸಿದ ಮೊಟ್ಟೆ. ನಾಲ್ಕರ ಹಸಿವಿಗೆ ಒಂದು ಹಿಡಿ ಹುರಿದ ಕಡಲೆ. ಮನೆಗೆ ಬಂದು ಎರಡು ಇಡ್ಲಿ ತಿಂದು ಮಲಗಿ, ಮಸಾಲೆ ದೋಸೆ ಮಧ್ಯಾಹ್ನ ಎದ್ದ ಮೇಲೆ ಆಗಲಿ. ಕೊನೆಯ ಕಾಫಿ ಅಥವಾ ಟೀ ರಾತ್ರಿ ಎರಡಕ್ಕೆ. ಕೆಫೀನ್ ಅರ್ಧ ಇಳಿಯಲು ಐದು ಗಂಟೆ ಬೇಕು. ನಾಲ್ಕೂವರೆಗೆ ಕುಡಿದ ಟೀ ನೀವು ಮಲಗುವಾಗಲೂ ನಿಮ್ಮ ಜೊತೆ ಎದ್ದಿರುತ್ತದೆ.

ಊಟ ಸರಿ ಮಾಡಿದ ಮೇಲೂ ಗದ್ದ, ದವಡೆಯ ಮೊಡವೆ ಮೂರು ತಿಂಗಳಲ್ಲಿ ಕಡಿಮೆಯಾಗದಿದ್ದರೆ, ಮುಟ್ಟು ಹಿಂದುಮುಂದಾಗುತ್ತಿದ್ದರೆ, ಗದ್ದದಲ್ಲಿ ದಪ್ಪ ಕೂದಲು ಬರುತ್ತಿದ್ದರೆ ಪಿ.ಸಿ.ಓ.ಎಸ್. ಅನ್ನುವ ಹಾರ್ಮೋನ್ ತೊಂದರೆ ಇದೆಯೇ ಅಂತ ಪರೀಕ್ಷೆ ಬೇಕು. ಕತ್ತಿನ ಹಿಂಭಾಗ ಮುಟ್ಟಿ ನೋಡಿಕೊಳ್ಳಿ. ಅಲ್ಲಿ ಮಕಮಲ್ಲಿನ ಹಾಗೆ ದಪ್ಪ ಕಪ್ಪು ಇದ್ದರೆ ಅದು ಕೊಳೆ ಅಲ್ಲ, ಉಜ್ಜಿದರೆ ಹೋಗುವುದಿಲ್ಲ. ಇನ್ಸುಲಿನ್ ಸರಿಯಾಗಿ ನಾಟುತ್ತಿಲ್ಲ ಅನ್ನುವುದಕ್ಕೆ ಚರ್ಮ ಕೊಡುವ ಸೂಚನೆ. ಆಗ ಎಚ್‌.ಬಿ.ಎ.1.ಸಿ. ಮಾಡಿಸಿ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ, ಖಾಲಿ ಹೊಟ್ಟೆ ಬೇಕಿಲ್ಲದ ರಕ್ತ ಪರೀಕ್ಷೆ ಅದು, ಯಾವ ಹೊತ್ತಿಗೂ ಕೊಡಬಹುದು. ಪಾಳಿಯವರಿಗೆ ಅನುಕೂಲ.

ನಿದ್ದೆಗೆ ನಾನು ಒಂದೇ ಬದಲಾವಣೆ ಕೇಳುತ್ತೇನೆ. ಎಂಟು ಗಂಟೆ ಮಲಗಿ ಅನ್ನುವುದು ಸುಲಭ. ಹತ್ತೂವರೆಗೆ ಪಕ್ಕದ ಮನೆ ಕುಕ್ಕರ್ ಕೂಗುತ್ತದೆ, ಹನ್ನೊಂದಕ್ಕೆ ಕೊರಿಯರ್‌ನವನು. ಎಂಟೂವರೆಯಿಂದ ಹನ್ನೆರಡೂವರೆವರೆಗಿನ ನಾಲ್ಕು ಗಂಟೆಯನ್ನು ಮಾತ್ರ ವಾರದ ಐದು ದಿನವೂ ಬಿಟ್ಟುಕೊಡಬೇಡಿ. ಉಳಿದದ್ದು ಸಂಜೆಯೊಳಗೆ ತುಂಡಾಗಿ ಬಂದರೂ ಪರವಾಗಿಲ್ಲ. ರಜೆಯ ಎರಡು ದಿನ ಎಲ್ಲರ ಹಾಗೆ ರಾತ್ರಿ ಹತ್ತಕ್ಕೆ ಮಲಗಿದರೆ ಸೋಮವಾರ ದೇಹ ಬೇರೆ ದೇಶಕ್ಕೆ ಹೋಗಿ ಇಳಿದ ಹಾಗಾಗುತ್ತದೆ. ರಜೆಯಲ್ಲಿ ಬೆಳಗಿನ ಜಾವ ಮೂರು ನಾಲ್ಕಕ್ಕೆ ಮಲಗಿ ಹನ್ನೊಂದೂವರೆಗೆ ಎದ್ದರೆ ಎರಡಕ್ಕೂ ಹೊಂದುತ್ತದೆ, ಮನೆಯವರ ಜೊತೆ ಊಟಕ್ಕೂ ಸಿಗುತ್ತೀರಿ. ಕೋಣೆಗೆ ದಪ್ಪ ಪರದೆ, ಕಣ್ಣಿಗೆ ಪಟ್ಟಿ, ಫೋನ್ ಇನ್ನೊಂದು ಕೋಣೆಯಲ್ಲಿ. ಬಾಗಿಲ ಬೆಲ್ ಪಕ್ಕ ‘ಮಧ್ಯಾಹ್ನ 1ರ ನಂತರ’ ಅಂತ ಚೀಟಿ ಅಂಟಿಸಿ. ನನ್ನ ಒಬ್ಬ ಪೇಷಂಟ್‌ಗೆ ಯಾವ ಕ್ರೀಮಿಗಿಂತ ಜಾಸ್ತಿ ಕೆಲಸ ಮಾಡಿದ್ದು ಆ ಚೀಟಿ.

ಕಣ್ಣ ಕೆಳಗಿನ ಕಪ್ಪು ಕೊನೆಗೆ ಇಟ್ಟಿದ್ದಕ್ಕೆ ಕಾರಣ, ಅದು ಎಲ್ಲರಲ್ಲೂ ಒಂದೇ ಅಲ್ಲ. ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು ಕೆಳಗಿನ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಹಿಗ್ಗಿಸಿ. ಬಣ್ಣ ಹಾಗೇ ಉಳಿದರೆ ಅದು ಕಪ್ಪು ಬಣ್ಣದ್ದೇ ಕಲೆ. ಹಿಗ್ಗಿಸಿದಾಗ ನೀಲಿ ನೇರಳೆ ಇನ್ನೂ ಎದ್ದು ಕಂಡರೆ ತೆಳು ಚರ್ಮದ ಕೆಳಗಿನ ರಕ್ತನಾಳ. ಮುಖ ಮೇಲೆತ್ತಿ ಬೆಳಕಿಗೆ ಹಿಡಿದಾಗ ಮಾಯವಾದರೆ ಅದು ಗುಳಿಯ ನೆರಳು. ನಿದ್ದೆ ಸರಿಯಾದರೆ ಸ್ವಲ್ಪ ತಿಳಿಯಾಗುವುದು ಎರಡನೆಯದು. ನೆರಳಿಗೆ ಯಾವ ಕ್ರೀಮೂ ಇಲ್ಲ, ಸುಮ್ನೆ ದುಡ್ಡು ಹಾಕಬೇಡಿ. ಮೊದಲನೆಯದಕ್ಕೆ ಬಹಳ ಸಲ ಕಾರಣ ಕಣ್ಣುಜ್ಜುವುದು. ಸ್ಕ್ರೀನ್ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಕಣ್ಣು ಒಣಗುತ್ತದೆ, ಬೆಳಗಿನ ಜಾವ ಕೈ ತಾನಾಗಿ ಮೇಲೆ ಹೋಗುತ್ತದೆ. ಒಂದು ರಾತ್ರಿ ಪಕ್ಕದ ಸೀಟಿನವರಿಗೆ ನೀವು ಎಷ್ಟು ಸಲ ಕಣ್ಣುಜ್ಜುತ್ತೀರಿ ಎಣಿಸಲು ಹೇಳಿ. ಜಾಸ್ತಿ ಬಂದರೆ ಕಣ್ಣಿನ ಡಾಕ್ಟರ್ ಹತ್ತಿರ ಕೃತಕ ಕಣ್ಣೀರಿನ ಡ್ರಾಪ್ಸ್ ಕೇಳಿ. ಆ ಮೆಡಿಕಲ್ ಶಾಪ್ ಟ್ಯೂಬನ್ನು ಕಣ್ಣ ಕೆಳಗೂ ಹಚ್ಚುತ್ತಿದ್ದರೆ ಅದನ್ನೂ ಹೇಳಿ, ಅಲ್ಲಿ ಸ್ಟೀರಾಯ್ಡ್ ದಿನಾ ಹಚ್ಚಿದರೆ ಕಣ್ಣಿನ ಒತ್ತಡ ಏರಬಹುದು.

ಚರ್ಮವೈದ್ಯರಲ್ಲಿಗೆ ಹೋಗುವಾಗ ಮುಖಕ್ಕೆ ಏನೂ ಹಚ್ಚದೆ ಹೋಗಿ. ಈಗ ಹಚ್ಚುತ್ತಿರುವುದನ್ನೆಲ್ಲ ಒಂದು ಕವರಿಗೆ ಹಾಕಿ ತಗೊಂಡು ಹೋಗಿ. ಬಹಳ ಮಂದಿ ನಾಚಿಕೊಂಡು ಆ ಒಂದು ಟ್ಯೂಬನ್ನೇ ಮನೆಯಲ್ಲಿ ಬಿಟ್ಟು ಬರುತ್ತಾರೆ. ಸಂಜೆ ಐದರಿಂದ ಏಳರ ಮಧ್ಯೆ ಕೂರುವ ಡಾಕ್ಟರ್ ಹೆಬ್ಬಾಳದಲ್ಲೇ ಸಿಗುತ್ತಾರೆ, ಅಲ್ಲಿಂದ ನೇರ ಕ್ಯಾಬ್ ಹತ್ತಬಹುದು.